ದಂಡ ಶುಲ್ಕ ಮನ್ನಾ ಕೋರಿ ಪ್ರಾಂಶುಪಾಲರಿಗೆ ನಾನು ಬರೆದ ಪತ್ರ

ಬಿ.ಕಾಂ. ಎರಡನೇ ವರ್ಷದ ಕಾಲೇಜು ಶುಲ್ಕ ಕಟ್ಟಲು 30-08-2024 ಕೊನೆಯ ದಿನ. ಅಂದು ಬ್ಯಾಂಕಿನ ಸರ್ವರ್ ಕೈಕೊಟ್ಟಿತು. ಮಾರನೆಯ ದಿನ ಶುಲ್ಕದ ಜೊತೆಗೆ 500 ರೂಪಾಯಿ ದಂಡವನ್ನೂ ಕಟ್ಟಬೇಕು ಅಂದರು. ಆ ದಂಡವನ್ನು ಪ್ರಾಂಶುಪಾಲರು ಮನ್ನಾ ಮಾಡಿದರು. ಪತ್ರದಲ್ಲಿ ಏನು ಬರೆದೆ, ಅದಕ್ಕಿಂತ ಮುಖ್ಯವಾಗಿ ಅದರ ಜೊತೆ ಏನೇನು ಲಗತ್ತಿಸಿದೆ ಅನ್ನುವುದನ್ನು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಶುಲ್ಕದ ಹಣ ಬರುವುದು ಹಾಲಿನ ಬಟವಾಡೆಯಿಂದ. ಅದು ಖಾತೆಗೆ ಜಮಾ ಆದದ್ದು 29ಕ್ಕೆ. 30ರ ಶುಕ್ರವಾರ ಮಧ್ಯಾಹ್ನ ಕ್ಲಾಸ್ ಮುಗಿಸಿಕೊಂಡು ಚಲನ್ ತುಂಬಿ, ಕಾಲೇಜಿನ ಖಾತೆ ಇರುವ ಶಾಖೆಗೆ ಹೋದೆ. ಕೌಂಟರಿನ ಮುಂದೆ ದೊಡ್ಡ ಸಾಲು, ಆದರೆ ಸಾಲು ಮುಂದಕ್ಕೆ ಹೋಗುತ್ತಿರಲಿಲ್ಲ. 'ಸರ್ವರ್ ಇಲ್ಲ, ಬಂದ್ರೆ ತಗೋತೀವಿ' ಅಂತ ಕ್ಯಾಷಿಯರ್ ಹೇಳುತ್ತಲೇ ಇದ್ದರು. ಮೊಬೈಲಿನಲ್ಲಿ ಕಟ್ಟಲು ನೋಡಿದರೆ ಅಲ್ಲೂ ಪಾವತಿ ವಿಫಲ ಅಂತ ಬಂತು. ನನ್ನ ಖಾತೆಯೂ ಅದೇ ಬ್ಯಾಂಕಿನದು.

ಬಹಳಷ್ಟು ಜನ ಇಲ್ಲಿಂದ ಸುಮ್ಮನೆ ಮನೆಗೆ ಹೋಗುತ್ತಾರೆ. ಮಾರನೆಯ ದಿನ ಕಾಲೇಜಿನ ಆಫೀಸಿನಲ್ಲಿ 'ಸರ್ವರ್ ಇರಲಿಲ್ಲ ಸರ್' ಅಂದರೆ ಅದಕ್ಕೆ ಆಧಾರ ಏನೂ ಇರುವುದಿಲ್ಲ. ಆದ್ದರಿಂದ ನಾನು ಮ್ಯಾನೇಜರ್ ಹತ್ತಿರ ಹೋಗಿ, ಸರ್ವರ್ ಇರಲಿಲ್ಲ ಅಂತ ಒಂದು ಪತ್ರ ಕೊಡಿ ಅಂತ ಕೇಳಿದೆ. 'ಹಾಗೆಲ್ಲ ಬರೆದುಕೊಡೋಕೆ ಮೇಲಿನವರ ಅನುಮತಿ ಬೇಕಪ್ಪ' ಅಂದರು. ಅವರ ಕಷ್ಟವೂ ನಿಜವೇ. ಹಾಗಾಗಿ ಅಲ್ಲೇ ಕೂತು ನಾನೇ ಅವರ ಹೆಸರಿಗೆ ನಾಲ್ಕು ಸಾಲಿನ ಅರ್ಜಿ ಬರೆದೆ: ಇಂದು ಇಷ್ಟು ಹೊತ್ತಿಗೆ ಚಲನ್ ಸಮೇತ ಬಂದಿದ್ದೇನೆ, ಸರ್ವರ್ ಇಲ್ಲವೆಂದು ಹಣ ಸ್ವೀಕರಿಸಿಲ್ಲ, ಇದು ಕಾಲೇಜು ಶುಲ್ಕದ ಕೊನೆಯ ದಿನ. ಎರಡು ಪ್ರತಿ ಮಾಡಿ, 'ಅರ್ಜಿ ತಗೊಂಡಿದ್ದೀವಿ ಅಂತ ಒಂದು ಸೀಲ್ ಹಾಕಿ ಕೊಡಿ ಸರ್, ಸಾಕು' ಅಂದೆ. ಸ್ವೀಕೃತಿಯ ಸೀಲಿಗೆ ಯಾರ ಅನುಮತಿಯೂ ಬೇಕಿಲ್ಲ. ದುಂಡು ಸೀಲ್ ಒತ್ತಿ, ದಿನಾಂಕದ ಕೆಳಗೆ '3-20' ಅಂತ ಬರೆದು ಸಹಿ ಮಾಡಿ ಕೊಟ್ಟರು. ಕೊನೆಗೆ ಇಡೀ ಕೆಲಸ ನಿಂತದ್ದು ಆ ಸೀಲಿನ ಮೇಲೆ.

ಮರುದಿನ ತಿಂಗಳ ಐದನೇ ಶನಿವಾರ, ಬ್ಯಾಂಕ್ ತೆರೆದಿತ್ತು. ಮೊದಲು ಪಾಸ್‌ಬುಕ್ ಎಂಟ್ರಿ ಹಾಕಿಸಿದೆ. ಕಾರಣ ಇದೆ. ಇಂಥ ಅರ್ಜಿ ಓದುವವರ ಮನಸ್ಸಿನಲ್ಲಿ ಮೊದಲು ಏಳುವ ಅನುಮಾನ, ಹುಡುಗನ ಹತ್ತಿರ ಅವತ್ತು ದುಡ್ಡೇ ಇರಲಿಲ್ಲವೇನೋ, ಈಗ ಸರ್ವರ್ ಹೆಸರು ಹೇಳುತ್ತಿದ್ದಾನೇನೋ ಅನ್ನುವುದು. 29ರಂದು ಹಣ ಜಮಾ ಆಗಿದೆ, 30ರಂದು ಶುಲ್ಕಕ್ಕೆ ಸಾಕಾಗುವಷ್ಟು ಬಾಕಿ ಖಾತೆಯಲ್ಲೇ ಇದೆ ಅಂತ ಪಾಸ್‌ಬುಕ್ ತೋರಿಸಿದರೆ ಆ ಅನುಮಾನಕ್ಕೆ ಜಾಗವಿಲ್ಲ.

ಆಮೇಲೆ ಪತ್ರ ಬರೆದೆ. ಇಂದ, ಇವರಿಗೆ, ದಿನಾಂಕ, ಕೊನೆಗೆ 'ತಮ್ಮ ವಿಧೇಯ ವಿದ್ಯಾರ್ಥಿ' ಎಲ್ಲ ವಾಡಿಕೆಯಂತೆ. ನಡುವಿನ ಭಾಗ ಹೀಗಿತ್ತು:

"ವಿಷಯ: ಬ್ಯಾಂಕ್ ಸರ್ವರ್ ಸ್ಥಗಿತಗೊಂಡಿದ್ದರಿಂದ ಉಂಟಾದ ವಿಳಂಬಕ್ಕೆ ವಿಧಿಸಿರುವ ರೂ. 500 ದಂಡ ಶುಲ್ಕ ಮನ್ನಾ ಮಾಡುವ ಕುರಿತು.

ಮಾನ್ಯರೇ,

ನಾನು ದ್ವಿತೀಯ ಬಿ.ಕಾಂ. ವಿದ್ಯಾರ್ಥಿ. ಕಾಲೇಜು ಶುಲ್ಕ ರೂ. 9,850 ಪಾವತಿಸಲು ದಿನಾಂಕ 30-08-2024 ಕೊನೆಯ ದಿನವಾಗಿತ್ತು. ಅಂದು ಮಧ್ಯಾಹ್ನ ಚಲನ್‌ನೊಂದಿಗೆ ಬ್ಯಾಂಕಿಗೆ ಹಾಜರಾಗಿದ್ದೆ. ಸರ್ವರ್ ಸ್ಥಗಿತಗೊಂಡಿದ್ದರಿಂದ ಹಣ ಸ್ವೀಕರಿಸಲಿಲ್ಲ. ಈ ಬಗ್ಗೆ ಅಂದೇ 3-20ಕ್ಕೆ ಬ್ಯಾಂಕಿಗೆ ಸಲ್ಲಿಸಿದ ಅರ್ಜಿಯ ಸ್ವೀಕೃತಿ ಪ್ರತಿಯನ್ನು ಲಗತ್ತಿಸಿದ್ದೇನೆ. ಅಂದು ನನ್ನ ಖಾತೆಯಲ್ಲಿ ಸಾಕಷ್ಟು ಹಣವಿತ್ತೆಂಬುದನ್ನು ಪಾಸ್‌ಬುಕ್ ಪ್ರತಿಯಲ್ಲಿ ಗಮನಿಸಬಹುದು.

ಶುಲ್ಕವನ್ನು ಇಂದೇ ಪಾವತಿಸಲು ಸಿದ್ಧನಿದ್ದೇನೆ. ಆದ್ದರಿಂದ ದಂಡ ಶುಲ್ಕವನ್ನು ಮನ್ನಾ ಮಾಡಿ, ರೂ. 9,850 ಮಾತ್ರ ಸ್ವೀಕರಿಸುವಂತೆ ಕಚೇರಿಗೆ ಸೂಚಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ."

ಇದರಲ್ಲಿ ಬಡತನದ ಮಾತಿಲ್ಲ. ನಮ್ಮ ಮನೆಯಲ್ಲಿ 500 ರೂಪಾಯಿ ಸಣ್ಣ ಮೊತ್ತವಲ್ಲ, ಬರೆಯಬೇಕು ಅಂತ ಮನಸ್ಸಾಗಿತ್ತು. ಆದರೆ ಕಷ್ಟ ಹೇಳಿಕೊಂಡರೆ ಪತ್ರ ಸಹಾಯ ಕೇಳುವ ಅರ್ಜಿಯಾಗುತ್ತದೆ, ಆಗ 'ಎಲ್ಲರಿಗೂ ಕಷ್ಟ ಇದೆ' ಅಂದುಬಿಡಬಹುದು. ನಾನು ಸಮಯಕ್ಕೆ ಸರಿಯಾಗಿ ಹೋಗಿದ್ದೆ, ತಡೆ ನನ್ನಿಂದ ಆದದ್ದಲ್ಲ ಅನ್ನುವುದಷ್ಟೇ ನನ್ನ ವಾದ. ಬ್ಯಾಂಕನ್ನೂ ಬೈದಿಲ್ಲ. ಪ್ರಾಂಶುಪಾಲರಿಗೆ ದಿನವೂ ಅದೇ ಬ್ಯಾಂಕಿನ ಜೊತೆ ವ್ಯವಹಾರ.

ಪತ್ರವನ್ನು ನೇರವಾಗಿ ಚೇಂಬರಿಗೆ ಒಯ್ಯಲಿಲ್ಲ. ಮೊದಲು ವಿಭಾಗದ ಮುಖ್ಯಸ್ಥರಿಂದ ಶಿಫಾರಸಿನ ಸಹಿ ಹಾಕಿಸಿ, ಟಪಾಲಿನಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ ಬರೆಸಿಕೊಂಡೆ. ಅಧೀಕ್ಷಕರು ಪತ್ರಕ್ಕಿಂತ ಮೊದಲು ಲಗತ್ತುಗಳನ್ನು ತಿರುವಿ ನೋಡಿ, 'ಆಡಿಟ್‌ನವರು ಕೇಳಿದ್ರೆ ತೋರಿಸೋಕೆ ಇದು ಆಗುತ್ತೆ' ಅಂದರು. ಕಚೇರಿಗೆ ನಿಜವಾಗಿ ಬೇಕಾಗಿದ್ದದ್ದು ಅದು. ಬರಬೇಕಿದ್ದ ದಂಡ ಯಾಕೆ ಬಂದಿಲ್ಲ ಅಂತ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ಉತ್ತರ ಕೊಡಬೇಕಾದವರು ಅವರು. ಸೋಮವಾರ ಪ್ರಾಂಶುಪಾಲರು ಪತ್ರದ ಅಂಚಿನಲ್ಲಿ 'ದಂಡವಿಲ್ಲದೆ ಸ್ವೀಕರಿಸಿ' ಅಂತ ಬರೆದು ಸಹಿ ಮಾಡಿದರು. ಅದನ್ನು ತೋರಿಸಿದ ಮೇಲೆ ಹೊಸ ಚಲನ್ ಸಿಕ್ಕಿತು, ದಂಡದ ಕಾಲಂನಲ್ಲಿ ಗೆರೆ ಎಳೆದಿದ್ದರು.

ಅದೇ 30ರಂದು ನನ್ನ ಸಹಪಾಠಿಯೊಬ್ಬಳದು ಬೇರೆ ಕಥೆ. ಮೊಬೈಲಿನಲ್ಲಿ ಕಟ್ಟಿದಾಗ ಅವಳ ಖಾತೆಯಿಂದ ಹಣ ಕಡಿತವಾಗಿತ್ತು, ಆದರೆ ಕಾಲೇಜಿನ ರಸೀದಿ ಬಂದಿರಲಿಲ್ಲ. ನನ್ನ ಪತ್ರವನ್ನೇ ನಕಲು ಮಾಡಿದ್ದರೆ ಅವಳಿಗೆ ಉಪಯೋಗವಾಗುತ್ತಿರಲಿಲ್ಲ. ಅವಳು ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆಯನ್ನು ಪತ್ರದೊಳಗೇ ಬರೆದು, ಕಾಲೇಜು ಖಾತೆಗೆ ಹಣ ಜಮಾ ಆಗಿದೆಯೇ ನೋಡಿ, ಆಗಿದ್ದರೆ 30ರ ದಿನಾಂಕವನ್ನೇ ಪರಿಗಣಿಸಿ ಅಂತ ಕೇಳಿದಳು. ಬರೀ ಸ್ಕ್ರೀನ್‌ಶಾಟ್ ಅಂಟಿಸಿದರೆ ಗುಮಾಸ್ತರಿಗೆ ಆ ಸಂಖ್ಯೆ ಹುಡುಕುವುದೇ ಕಷ್ಟ. ಅವಳ ಹಣ ಕಾಲೇಜಿಗೆ ಹೋಗದೆ ವಾಪಸ್ ಬಂತು, ಆಮೇಲೆ ಕಟ್ಟಿದಳು. ಇಂಥ ಪಾವತಿಯಲ್ಲಿ ಹಣ ಐದು ದಿನದೊಳಗೆ ಹಿಂತಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕ್ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ. ವಾಪಸಾಗುವ ಮೊದಲೇ ಗಾಬರಿಯಿಂದ ಎರಡನೇ ಸಲ ಕಟ್ಟಿದರೆ ಎರಡೂ ಜಮಾ ಆಗಿ, ಒಂದನ್ನು ಮರಳಿ ಪಡೆಯಲು ಮತ್ತೊಂದು ಅರ್ಜಿ ಬರೆಯಬೇಕಾಗುತ್ತದೆ.

ಇದೆಲ್ಲ ನಡೆಯುವುದು ಕಾಲೇಜು ವಿಧಿಸುವ ದಂಡಕ್ಕೆ ಮಾತ್ರ. ಪರೀಕ್ಷಾ ಶುಲ್ಕದ ದಂಡ ವಿಶ್ವವಿದ್ಯಾಲಯದ್ದು, ಅದನ್ನು ಬಿಡುವ ಅಧಿಕಾರ ಪ್ರಾಂಶುಪಾಲರಿಗಿಲ್ಲ. ಆ ಅರ್ಜಿಯನ್ನು ಕುಲಸಚಿವರಿಗೆ (ಮೌಲ್ಯಮಾಪನ) ಬರೆದು, ಪ್ರಾಂಶುಪಾಲರ ಮೂಲಕ ಕಳಿಸಬೇಕು. ಉತ್ತರ ಬರುವ ಹೊತ್ತಿಗೆ ಪರೀಕ್ಷೆ ಅರ್ಜಿಯ ಗಡುವೇ ಮುಗಿದುಹೋಗಬಹುದು. ಅಲ್ಲಿ ನಾನಾದರೆ ಮೊದಲು ದಂಡ ಕಟ್ಟಿ, ಆಮೇಲೆ ಮರುಪಾವತಿಗೆ ಬರೆಯುತ್ತೇನೆ.

ಪ್ರಾಂಶುಪಾಲರ ಷರಾ ಇರುವ ಪತ್ರ ಕಚೇರಿಯ ಫೈಲಿನಲ್ಲೇ ಉಳಿಯುತ್ತದೆ. ಕೊಡುವ ಮೊದಲು ಅದರ ಜೆರಾಕ್ಸ್ ತೆಗೆಸಿಟ್ಟುಕೊಳ್ಳಿ. ಮುಂದೆ ನೋ ಡ್ಯೂ ಕೇಳಲು ಹೋದಾಗ ಲೆಡ್ಜರಿನಲ್ಲಿ ನನ್ನ ಹೆಸರಿನ ಮುಂದೆ 500 ಬಾಕಿ ಅಂತಲೇ ಇತ್ತು. ಜೆರಾಕ್ಸ್ ತೋರಿಸಿದ ಮೇಲೆ ಗುಮಾಸ್ತರು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಇನ್‌ವರ್ಡ್ ನಂಬರ್ ಬರೆದುಕೊಂಡರು.