ಪಾಲುದಾರರು ಹೊರಟಾಗ ಚಾನೆಲ್ ನಮ್ಮ ಕೈಗೆ ಬಂದ ಬಗೆ

ಶಿವಮೊಗ್ಗ ಜಿಲ್ಲೆಯ ಅಡಿಕೆ ಮತ್ತು ಕಾಳುಮೆಣಸಿನ ತೋಟಗಳ ಬಗ್ಗೆ ನಾವಿಬ್ಬರು ಸೇರಿ ಆರು ವರ್ಷ ಯೂಟ್ಯೂಬ್ ಚಾನೆಲ್ ನಡೆಸಿದೆವು. ಕ್ಯಾಮೆರಾ ಹಿಡಿಯುವುದು ನನ್ನ ಪಾಲುದಾರರ ಕೆಲಸ, ರೈತರೊಡನೆ ಮಾತನಾಡುವುದು ಮತ್ತು ಎಡಿಟಿಂಗ್ ನನ್ನ ಕೆಲಸವಾಗಿತ್ತು. ಅವರು ಬೆಂಗಳೂರಿನಲ್ಲಿ ನೌಕರಿಗೆ ಸೇರಲು ನಿರ್ಧರಿಸಿದಾಗ ನಮ್ಮ ನಡುವೆ ಯಾವ ಮನಸ್ತಾಪವೂ ಇರಲಿಲ್ಲ. ಆದರೆ ಲೆಕ್ಕ ಮಾಡಲು ಕುಳಿತಾಗ ಒಂದು ತೊಡಕು ಕಂಡಿತು: ಚಾನೆಲ್ಲನ್ನು ಅವರು ತಮ್ಮ ಸ್ವಂತ ಜಿಮೇಲ್ ಖಾತೆಯಲ್ಲಿ ತೆರೆದಿದ್ದರು. ಅದೇ ಖಾತೆಯಲ್ಲಿ ಅವರ ಮನೆಯವರ ಫೋಟೊಗಳು, ಬ್ಯಾಂಕಿನ ಪತ್ರಗಳು, ಫೋನಿನ ಬ್ಯಾಕಪ್ ಎಲ್ಲವೂ ಇದ್ದವು.

“ಪಾಸ್‌ವರ್ಡ್ ಕೊಟ್ಟುಬಿಡುತ್ತೇನೆ, ನೀವೇ ನೋಡಿಕೊಳ್ಳಿ” ಎಂದು ಅವರು ಹೇಳಿದರು. ನಾನು ಒಪ್ಪಲಿಲ್ಲ. ಹಣ ಗಳಿಸುವ ಚಾನೆಲ್‌ಗಳಿಗೆ ಎರಡು ಹಂತದ ದೃಢೀಕರಣ ಕಡ್ಡಾಯವಾಗಿರುವುದರಿಂದ ಪ್ರತಿ ಸಲವೂ ಒಪ್ಪಿಗೆಯ ಕೋರಿಕೆ ಅವರ ಫೋನಿಗೇ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಪಾಸ್‌ವರ್ಡ್ ಯಾರ ಬಳಿಯಿದ್ದರೂ ಗೂಗಲ್‌ನ ದೃಷ್ಟಿಯಲ್ಲಿ ಒಡೆಯರು ಅವರೇ ಆಗಿ ಉಳಿಯುತ್ತಿದ್ದರು. ಯೂಟ್ಯೂಬ್ ಸ್ಟುಡಿಯೋದ Permissions ಪುಟದಲ್ಲಿ ನನ್ನನ್ನು ಮ್ಯಾನೇಜರ್ ಮಾಡುವ ದಾರಿಯೂ ಇತ್ತು. ಅದರಿಂದ ದಿನನಿತ್ಯದ ಕೆಲಸ ನಡೆಯುತ್ತದೆಯೇ ಹೊರತು ಒಡೆತನ ಕೈ ಬದಲಿಸುವುದಿಲ್ಲ. ವೈಯಕ್ತಿಕ ಖಾತೆಯ ಚಾನೆಲ್ಲಿನ ಒಡೆತನ ಬದಲಿಸಬೇಕಾದರೆ ಮೊದಲು ಅದನ್ನು ಬ್ರ್ಯಾಂಡ್ ಖಾತೆಗೆ ಸಾಗಿಸಬೇಕು. ಬ್ರ್ಯಾಂಡ್ ಖಾತೆಗೆ ತನ್ನದೇ ಪಾಸ್‌ವರ್ಡ್ ಇರುವುದಿಲ್ಲ. ಹಲವರು ತಮ್ಮ ತಮ್ಮ ಜಿಮೇಲ್‌ನಿಂದಲೇ ಅದರ ಒಳಗೆ ಬರುತ್ತಾರೆ, ಅವರಲ್ಲಿ ಒಬ್ಬರು Primary owner ಆಗಿರುತ್ತಾರೆ. ಆ ಒಂದು ಪದವಿ ಕೈ ಬದಲಾದರೆ ಚಾನೆಲ್ ಕೈ ಬದಲಾದಂತೆ.

ಒಂದು ಭಾನುವಾರ ಅವರ ಮನೆಯಲ್ಲಿ, ಅವರದೇ ಕಂಪ್ಯೂಟರಿನಲ್ಲಿ ಕುಳಿತು ಕೆಲಸ ಆರಂಭಿಸಿದೆವು. youtube.com/channel_switcher ಪುಟದಲ್ಲಿ, ಅವರ ಖಾತೆಯ ಅಡಿಯಲ್ಲಿಯೇ, ನಮ್ಮ ಚಾನೆಲ್ಲಿನ ಹೆಸರಿನಲ್ಲೇ ಹೊಸದೊಂದು ಚಾನೆಲ್ ಸೃಷ್ಟಿಸಿದೆವು. ಹೀಗೆ ಮಾಡಿದಾಗ ಅದರ ಜೊತೆಗೆ ಬ್ರ್ಯಾಂಡ್ ಖಾತೆಯೂ ಹುಟ್ಟುತ್ತದೆ. ಬಳಿಕ ಹಳೆಯ ಚಾನೆಲ್ಲಿಗೆ ಹಿಂತಿರುಗಿ, Settings ಒಳಗಿನ Advanced settings ತೆರೆದು, ಮೊದಲು ಅಲ್ಲಿ ಕಾಣುವ ಚಾನೆಲ್ ಐಡಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡೆವು. ಅದೇ ಪುಟದಲ್ಲಿ Move channel to Brand Account ಎಂಬ ಆಯ್ಕೆ ಇರುತ್ತದೆ.

ನಮ್ಮ ಕೈ ನಡುಗಿದ್ದು ಇಲ್ಲಿ. ಆ ಆಯ್ಕೆಯನ್ನು ಒತ್ತಿದಾಗ ಬ್ರ್ಯಾಂಡ್ ಖಾತೆಗಳ ಪಟ್ಟಿ ಬರುತ್ತದೆ. ನಾವು ಆರಿಸಬೇಕಾದ ಹೊಸ ಖಾತೆಗೆ ಆಗಲೇ ಒಂದು ಖಾಲಿ ಚಾನೆಲ್ ಅಂಟಿಕೊಂಡಿರುವುದರಿಂದ ಅದರ ಎದುರು Replace ಎಂಬ ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ಚಾನೆಲ್ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆಯೊಡನೆ Delete channel ಕಾಣಿಸಿಕೊಳ್ಳುತ್ತದೆ. ಅಳಿಯುವುದು ಯಾವುದು ಎಂಬುದನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ನಾವು ಎಲ್ಲಿಂದ ಹೊರಟಿದ್ದೇವೋ ಆ ಚಾನೆಲ್ ಉಳಿಯುತ್ತದೆ, ಎಲ್ಲಿಗೆ ಹೋಗುತ್ತಿದ್ದೇವೋ ಅಲ್ಲಿ ಇರುವ ಚಾನೆಲ್ ತನ್ನ ವಿಡಿಯೊಗಳ ಸಮೇತ ಶಾಶ್ವತವಾಗಿ ಅಳಿಯುತ್ತದೆ. ಬಾಡಿಗೆ ಮನೆಗೆ ಹೊಸಬರು ಬರುವ ಮುನ್ನ ಒಳಗಿದ್ದವರನ್ನು ಖಾಲಿ ಮಾಡಿಸಿದಂತೆ ಇದು. ಹೊಸಬರಿಗೆ ಏನೂ ಆಗುವುದಿಲ್ಲ. ದಿಕ್ಕು ತಪ್ಪಿ, ಅಂದರೆ ಖಾಲಿ ಚಾನೆಲ್ಲಿನಲ್ಲಿ ನಿಂತು ಹಳೆಯದನ್ನು ಗುರಿಯಾಗಿ ಆರಿಸಿದರೆ ಆರು ವರ್ಷದ ದುಡಿಮೆ ಹೋಗುತ್ತದೆ.

ನಮ್ಮ ಪಟ್ಟಿಯಲ್ಲಿ ಇನ್ನೊಂದು ಅಪಾಯವೂ ಕಾದಿತ್ತು. ಕಾಳುಮೆಣಸಿನ ಕಿರು ವಿಡಿಯೊಗಳಿಗೆಂದು ಅವರು ಹಿಂದೆ ಬೇರೊಂದು ಚಾನೆಲ್ ತೆರೆದಿದ್ದರು. ಹೆಸರು ಹೆಚ್ಚುಕಡಿಮೆ ಅದೇ, ಚಿತ್ರವೂ ಅದೇ, ಒಳಗೆ ನಲವತ್ತು ವಿಡಿಯೊಗಳು. ಅವಸರದಲ್ಲಿ ಅವರ ಬೆರಳು ಅದರ ಎದುರಿನ Replace ಮೇಲೆಯೇ ಹೋಗಿತ್ತು. ನಾವು ಹಿಂದೆ ಬಂದು, ಆ ಚಾನೆಲ್ಲಿನ ಹೆಸರಿಗೆ ‘ಕಿರು’ ಎಂದು ಸೇರಿಸಿ, ಚಿತ್ರವನ್ನೂ ಬದಲಿಸಿ, ಪಟ್ಟಿಯಲ್ಲಿ ಬೇರೆಯಾಗಿ ಕಾಣುವಂತೆ ಮಾಡಿದ ಮೇಲೆಯೇ ಮುಂದುವರಿದೆವು. ಕೊನೆಯ ಪೆಟ್ಟಿಗೆಯಲ್ಲಿ ಸ್ಥಳಾಂತರದ ನಂತರ ಚಾನೆಲ್ಲಿನ ಹೆಸರು ಹೇಗೆ ಕಾಣಲಿದೆ ಎಂಬುದನ್ನು ತೋರಿಸುತ್ತಾರೆ. ಅದನ್ನು ಇಬ್ಬರೂ ಗಟ್ಟಿಯಾಗಿ ಓದಿ Move channel ಒತ್ತಿದೆವು. ಬಳಿಕ ಕಾಗದದಲ್ಲಿ ಬರೆದಿದ್ದ ಐಡಿಯನ್ನು ಹೋಲಿಸಿದೆವು. ಅದೇ ಇತ್ತು. ಚಂದಾದಾರರೂ ವೀಕ್ಷಣೆಗಳೂ ಹಾಗೆಯೇ ಇದ್ದವು. ಫೋನಿನ ಆ್ಯಪ್‌ನಲ್ಲಿ ಮಾತ್ರ ಚಾನೆಲ್ ಮಾಯವಾದಂತೆ ಕಂಡು ಅವರು ಗಾಬರಿಯಾದರು, ಆದರೆ ಅಲ್ಲಿ ಖಾತೆಯನ್ನು ಬದಲಿಸಿಕೊಂಡ ಕೂಡಲೇ ಅದು ಸಿಕ್ಕಿತು.

ಒಡೆತನದ ಬದಲಾವಣೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ. myaccount.google.com/brandaccounts ಪುಟದಲ್ಲಿ ನಮ್ಮ ಖಾತೆಯನ್ನು ತೆರೆದು, Manage permissions ಒತ್ತಿ, ಅವರು ನನ್ನ ಜಿಮೇಲ್ ವಿಳಾಸಕ್ಕೆ Owner ಪದವಿಯ ಆಹ್ವಾನ ಕಳುಹಿಸಿದರು. ಆ ಪತ್ರ ನನ್ನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು, ನಾನು ನೋಡಿದ್ದು ಮರುದಿನ. ಆಹ್ವಾನವನ್ನು ಒಪ್ಪಿಕೊಂಡು Owner ಆದವರು ಕನಿಷ್ಠ 7 ದಿನ ಹಾಗೆಯೇ ಇದ್ದ ನಂತರವೇ ಅವರನ್ನು Primary owner ಮಾಡಲು ಸಾಧ್ಯ. ಖಾತೆಗೆ ನುಗ್ಗಿದ ಕಳ್ಳನು ಒಂದೇ ಗಳಿಗೆಯಲ್ಲಿ ಎಲ್ಲವನ್ನೂ ತನ್ನದಾಗಿಸಿಕೊಳ್ಳಬಾರದು ಎಂಬುದು ಇದರ ಹಿಂದಿನ ಆಲೋಚನೆ ಇರಬೇಕೆಂದು ನನ್ನ ಊಹೆ. ಆದರೆ ಪಾಲುದಾರರು ಮುನಿಸಿಕೊಂಡು ಹೋಗುತ್ತಿದ್ದರೆ ಆ ಏಳು ದಿನಗಳೇ ದೊಡ್ಡ ಕಂಟಕವಾಗುತ್ತಿದ್ದವು, ಏಕೆಂದರೆ ಅಷ್ಟೂ ದಿನ ನನ್ನನ್ನು ತೆಗೆದುಹಾಕುವ ಅಧಿಕಾರ ಅವರಿಗಿತ್ತು. ಆದ್ದರಿಂದ ಬಿಡುಗಡೆಯ ಪತ್ರದಲ್ಲಿ ಅವರಿಗೆ ಸಲ್ಲಬೇಕಾದ ಹಣದ ಕೊನೆಯ ಕಂತನ್ನು ಅವರು ಹೊರಟ ದಿನಕ್ಕೆ ಕಟ್ಟದೆ, ಪದವಿ ಬದಲಾದ ದಿನಕ್ಕೆ ಕಟ್ಟಿದ್ದೆವು. ಎಂಟನೆಯ ದಿನ ಅವರು ನನ್ನ ಹೆಸರಿನ ಎದುರಿನ ಪದವಿಯನ್ನು ಬದಲಿಸಿದರು, ಆಮೇಲೆ ನಾನು ಪಟ್ಟಿಯಿಂದ ಅವರ ಹೆಸರನ್ನು ತೆಗೆದೆ, ಅದೇ ಸಂಜೆ ಹಣ ಪಾವತಿಯಾಯಿತು.

ಇಷ್ಟಾದರೂ ಜಾಹೀರಾತಿನ ಹಣ ಮಾತ್ರ ಅವರ ಬ್ಯಾಂಕ್ ಖಾತೆಯ ಕಡೆಗೇ ಹೋಗುತ್ತಿತ್ತು. ಚಾನೆಲ್ ಸಾಗಿದರೂ ಆ ಹಣವನ್ನು ಪಾವತಿಸುವ ಗೂಗಲ್‌ನ ಆಡ್‌ಸೆನ್ಸ್ ಖಾತೆ ಸಾಗುವುದಿಲ್ಲ. ಅದು ಹಣ ಪಡೆಯುವ ವ್ಯಕ್ತಿಯ ಹೆಸರಿಗೆ ಅಂಟಿದ್ದು, ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಸ್ಟುಡಿಯೋದ Earn ವಿಭಾಗದಲ್ಲಿ ನನ್ನ ಹೆಸರಿನ ಹೊಸ ಆಡ್‌ಸೆನ್ಸ್ ಖಾತೆಯನ್ನು ಜೋಡಿಸಬೇಕಾಯಿತು. ಈ ಜೋಡಣೆಯನ್ನು 32 ದಿನಗಳಿಗೊಮ್ಮೆ ಮಾತ್ರ ಬದಲಿಸಬಹುದಾದ್ದರಿಂದ ಹೆಸರು, ಪ್ಯಾನ್, ಬ್ಯಾಂಕ್ ಎಲ್ಲವನ್ನೂ ಸರಿನೋಡಿಕೊಂಡೇ ಮಾಡಿದೆ. ಹೊಸ ಖಾತೆಯಲ್ಲಿ 10 ಡಾಲರ್ ಸೇರಿದ ಮೇಲೆ ವಿಳಾಸ ಖಚಿತಪಡಿಸುವ ಪಿನ್ ಅಂಚೆಯಲ್ಲಿ ಬರುತ್ತದೆ, ಅದನ್ನು ನಮೂದಿಸದೆ ಹಣ ಬಿಡುಗಡೆಯಾಗುವುದಿಲ್ಲ. ನನ್ನ ಮೊದಲ ಪತ್ರ ಬರಲೇ ಇಲ್ಲ, ಎರಡನೆಯದನ್ನು ತರಿಸುವಾಗ ವಿಳಾಸದಲ್ಲಿ ಅಂಚೆ ಕಚೇರಿಯ ಹೆಸರನ್ನೂ ಸೇರಿಸಿದೆ. ಅಮೆರಿಕದ ತೆರಿಗೆಯ ಡಬ್ಲ್ಯು-8ಬೆನ್ ನಮೂನೆಯನ್ನೂ ನನ್ನ ಪ್ಯಾನ್ ಕೊಟ್ಟು ಹೊಸದಾಗಿ ತುಂಬಬೇಕಾಯಿತು. ಪಿನ್ ಕೈಗೆ ಬರುವವರೆಗೆ ಗಳಿಕೆ ಖಾತೆಯಲ್ಲಿಯೇ ನಿಂತಿತ್ತು. ಆ ಅವಧಿಯಲ್ಲಿ ಎಡಿಟಿಂಗ್ ಸಾಫ್ಟ್‌ವೇರಿನ ಬಾಡಿಗೆಯನ್ನೂ ತೋಟಗಳಿಗೆ ಓಡಾಡುವ ಪೆಟ್ರೋಲಿನ ಖರ್ಚನ್ನೂ ಕೈಯಿಂದಲೇ ಭರಿಸಿದೆ.

ಈಗ ಬ್ರ್ಯಾಂಡ್ ಖಾತೆಯಲ್ಲಿ ನನ್ನ ಜೊತೆಗೆ ನನ್ನ ತಂಗಿಯನ್ನೂ Owner ಆಗಿ ಸೇರಿಸಿದ್ದೇನೆ. ಹೊಸದಾಗಿ ಬಂದಿರುವ ಕ್ಯಾಮೆರಾ ಹುಡುಗನಿಗೆ Manager ಪದವಿ ಕೊಟ್ಟಿದ್ದೇನೆ; ಅವನು ತನ್ನ ಜಿಮೇಲ್‌ನಿಂದಲೇ ವಿಡಿಯೊ ಏರಿಸುತ್ತಾನೆ.