ಅತಿಥಿ ಪರಿಚಯದ 14 ಸಾಲು 5 ಆದ ಬಗೆ

ಕಾಫಿ ಬೆಳೆಗಾರರ ಸಭೆಗಳಲ್ಲಿ ಅತಿಥಿಯನ್ನು ಪರಿಚಯಿಸುವ ಕೆಲಸಕ್ಕೆ ನಾನು ಬಳಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಈ ಸಾಲು ಕೇಳಿದವನಿಗೆ ಏನು ಸಿಕ್ಕಿತು? ಪ್ರಶ್ನೆ ಚಿಕ್ಕದು, ಆದರೆ ಕೇಳುವ ರೀತಿ ತಪ್ಪಿದರೆ ಎಲ್ಲ ಸಾಲೂ ಪಾಸಾಗಿಬಿಡುತ್ತದೆ.

ಮೊದಲು ಕೇಳುಗನನ್ನು ಗೊತ್ತು ಮಾಡಿಕೊಳ್ಳಬೇಕು. ‘ಸಭಿಕರು’ ಎಂದುಕೊಂಡರೆ ಸಾಲದು. ಉದಾಹರಣೆಗೆ, ಸೆಪ್ಟೆಂಬರ್ ನಡುವಿನಲ್ಲಿ ಕೊಡಗಿನ ಮಾದಾಪುರದ ಕಡೆ ಒಂದು ಸಭೆ, ವಿಷಯ ಕಾಫಿ ಗಿಡದ ಕಾಂಡ ಕೊರೆಯುವ ಹುಳ, ಬೆಳೆಗಾರರು ಬೋರರ್ ಎನ್ನುವ ಬಿಳಿ ಕಾಂಡಕೊರಕ ಎಂದಿಟ್ಟುಕೊಳ್ಳಿ. ಕಾಗದದ ತಲೆಯಲ್ಲಿ ನಾನು ಹೀಗೆ ಬರೆಯುತ್ತೇನೆ: ‘ಐದೆಕರೆ ಅರೇಬಿಕಾ ಇರುವವರು, ಅಲ್ಲಲ್ಲಿ ಎಲೆ ಹಳದಿಯಾದ ಗಿಡ ಕಂಡಿದೆ, ಹಿಂದಿನ ಸಾಲಿನಲ್ಲಿ ಕೂತಿದ್ದಾರೆ.’ ಇದೇ ಸಭೆ ಗೋಣಿಕೊಪ್ಪಲಿನಲ್ಲಾದರೆ ಈ ಸಾಲು ಬದಲಾಗಬೇಕು. ಆ ಕಡೆ ಹೆಚ್ಚಾಗಿ ರೋಬಸ್ಟಾ, ಕಾಂಡಕೊರಕದ ಕಾಟ ಇರುವುದು ಅರೇಬಿಕಾಕ್ಕೆ. ಮಾದಾಪುರದಲ್ಲಿ ಕಿವಿ ನೆಟ್ಟಗಾಗಿಸುವ ಮಾತಿಗೆ ಅಲ್ಲಿ ಜನ ಪಕ್ಕದವರ ಜತೆ ಕರಿಮೆಣಸಿನ ರೇಟು ಮಾತಾಡಲು ತೊಡಗುತ್ತಾರೆ.

ಆಮೇಲೆ ಕರಡಿನ ಒಂದೊಂದು ವಾಕ್ಯಕ್ಕೂ ಸಂಖ್ಯೆ ಹಾಕಿ ಒಂದೊಂದು ಸಾಲಿನಲ್ಲಿ ಬರೆದು, ಬಲಕ್ಕೆ ಜಾಗ ಬಿಡುತ್ತೇನೆ. ಆ ಜಾಗದಲ್ಲಿ ಉತ್ತರವನ್ನು ಕೇಳುಗನ ಬಾಯಿಂದಲೇ, ‘ನನಗೆ’ ಎಂದು ಶುರುವಾಗುವಂತೆ ಬರೆಯಬೇಕು. ‘ಅತಿಥಿಯ ಹಿರಿಮೆ ತಿಳಿಯುತ್ತದೆ’ ಎನ್ನುವುದು ಉತ್ತರವಲ್ಲ, ಅದು ಪರಿಚಯ ಬರೆದವನ ಸಮಾಧಾನ. ‘ಇವರು ಹೇಳಿದ್ದನ್ನು ನನ್ನ ತೋಟದಲ್ಲಿ ನಂಬಿ ಮಾಡಬಹುದೆಂದು ನನಗೆ ಗೊತ್ತಾಯಿತು’ ಎನ್ನುವುದು ಉತ್ತರ.

ಇನ್ನು ಕರಡು. ಇದು ತೋರಿಸಲೆಂದೇ ಹೆಣೆದದ್ದು, ಆದರೆ ಇದರ ಪ್ರತಿಯೊಂದು ಸಾಲನ್ನೂ ನೀವು ಯಾವುದಾದರೂ ವೇದಿಕೆಯಲ್ಲಿ ಕೇಳಿರುತ್ತೀರಿ. 1: ಎಲ್ಲರಿಗೂ ನಮಸ್ಕಾರ, ಇಂದು ಸಂತಸದ ದಿನ. 2: ಅತಿಥಿಗಳನ್ನು ಪರಿಚಯಿಸುವುದು ನನ್ನ ಸೌಭಾಗ್ಯ. 3: ಅವರಿಗೆ ಪರಿಚಯವೇ ಬೇಕಿಲ್ಲ. 4: ಹುಟ್ಟಿದ ಊರು, ಓದಿದ ಶಾಲೆ. 5: ಕೀಟಶಾಸ್ತ್ರದಲ್ಲಿ ಪಿಎಚ್.ಡಿ. 6: 22 ವರ್ಷ ವಿವಿಧ ಹುದ್ದೆಗಳಲ್ಲಿ ಸೇವೆ. 7: ಅದರಲ್ಲಿ 9 ವರ್ಷ ಬೆಳೆಗಾರರ ತೋಟಗಳಲ್ಲೇ ಕಾಂಡಕೊರಕದ ಮೇಲೆ ಕೆಲಸ. 8: ಪ್ರಬಂಧಗಳು, ವಿದೇಶ ಪ್ರವಾಸ. 9: ಕಾಫಿ ಕೊಡಗಿನ ಜೀವನಾಡಿ. 10: ಕಾಂಡಕೊರಕ ಅರೇಬಿಕಾದ ದೊಡ್ಡ ಶತ್ರು. 11: ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆದು, ಸುಣ್ಣದ ನೀರು ಹೊಡೆದರೆ ಇದು ಹತೋಟಿಗೆ ಬರುತ್ತದೆ. 12: ಅತಿಥಿಗಳು ಸರಳ ಸಜ್ಜನರು. 13: ಕೆಲಸದ ಒತ್ತಡದ ನಡುವೆಯೂ ಬಂದಿದ್ದಾರೆ. 14: ಈಗ ಅವರು ಮಾತನಾಡಬೇಕೆಂದು ಕೋರುತ್ತೇನೆ.

1, 2, 3, 4, 12, 13ರ ಬಲಗಡೆ ಖಾಲಿಯೇ ಉಳಿಯುತ್ತದೆ, ಚರ್ಚೆ ಬೇಡ. (ಪರಿಚಯ ಬೇಕಿಲ್ಲ ಎಂದವರು ಮೂರು ನಿಮಿಷ ಪರಿಚಯ ಮಾಡುವುದು ನಮ್ಮಲ್ಲಷ್ಟೇ ಇರಬೇಕು.) 9 ಸುಳ್ಳಲ್ಲ, ಆದರೆ ಕೇಳುವವನು ಬೆಳಿಗ್ಗೆ ತೋಟ ಸುತ್ತಿಯೇ ಸಭೆಗೆ ಬಂದವನು. ಕಾಫಿಯ ಮಹತ್ವವನ್ನು ಅವನಿಗೆ ಹೇಳುವುದು ಬೇಡ.

ಕಷ್ಟ ಇರುವುದು 5ರಿಂದ 8ರವರೆಗೆ. ನಾಲ್ಕಕ್ಕೂ ‘ಇವರನ್ನು ನಂಬಬಹುದು’ ಎಂಬ ಒಂದೇ ಉತ್ತರ ಬರುತ್ತದೆ. ಒಂದೇ ಉತ್ತರಕ್ಕೆ ನಾಲ್ಕು ಸಾಲು ಬೇಡ, ಗಟ್ಟಿಯಾದ ಒಂದನ್ನು ಇಟ್ಟುಕೊಳ್ಳಬೇಕು. ಇಲ್ಲಿ ಗಟ್ಟಿಯಾದದ್ದು 7. ಪಿಎಚ್.ಡಿ. ಯಾವ ಹುಳದ ಮೇಲೆ ಎಂದು ಬೆಳೆಗಾರನಿಗೆ ತಿಳಿಯುವುದಿಲ್ಲ. ಒಂಬತ್ತು ವರ್ಷ ತನ್ನಂಥವರ ತೋಟದಲ್ಲಿ ಓಡಾಡಿದವರು ಎಂದರೆ ಕೂಡಲೇ ತಿಳಿಯುತ್ತದೆ. ಇದೇ ಅತಿಥಿ ಕೃಷಿ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ನಿಂತರೆ 5 ಮತ್ತು 8 ಮತ್ತೆ ಜೀವ ಪಡೆಯುತ್ತವೆ. ಹಾಗಾಗಿ ಹೊಡೆದುಹಾಕಿದ ಸಾಲುಗಳನ್ನು ಹರಿದು ಎಸೆಯುವುದಿಲ್ಲ.

10 ಹಾಗೇ ಇದ್ದರೆ ಸೋಲುತ್ತದೆ, ಏಕೆಂದರೆ ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅದರ ಕೆಳಗೆ ಒಂದು ವಿಷಯ ಅಡಗಿದೆ. ಕಾಂಡಕೊರಕದ ದುಂಬಿ ಹಾರುವುದು ವರ್ಷದಲ್ಲಿ ಎರಡು ಸಲ: ಏಪ್ರಿಲ್–ಮೇ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಸೆಪ್ಟೆಂಬರ್ ಸಭೆಯಲ್ಲಿ ಇದನ್ನು ಹೇಳಿದರೆ ‘ನನಗೆ ಇನ್ನು ಕೆಲವೇ ವಾರ ಉಳಿದಿದೆ’ ಎಂಬ ಉತ್ತರ ಬಲಗಡೆ ತಾನಾಗಿ ಬರುತ್ತದೆ. ಸೋತ ಸಾಲನ್ನು ಅಳಿಸುವ ಮುನ್ನ ‘ಇದೇ ಮಾತು ಇವತ್ತಿಗೆ ಏಕೆ?’ ಎಂದು ಒಮ್ಮೆ ಕೇಳುವುದು ಇದಕ್ಕೇ.

11 ಎಲ್ಲಕ್ಕಿಂತ ಮೋಸದ ಸಾಲು. ಕೇಳುಗನಿಗೆ ಲಾಭವಿದೆ, ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಆದರೆ ಅದನ್ನು ಹೇಳಲೆಂದೇ ಅತಿಥಿ ಬಂದಿದ್ದಾರೆ. ನಾವು ಅರ್ಧ ಹೇಳಿಬಿಟ್ಟರೆ ಅವರು ಅದನ್ನೇ ಮತ್ತೆ ಹೇಳಬೇಕು ಅಥವಾ ತಿದ್ದಬೇಕು. ಸುಣ್ಣ ಎಷ್ಟು, ಯಾವಾಗ, ಬೋರರ್ ಒಳಹೊಕ್ಕ ಗಿಡಕ್ಕೂ ಇದು ಸಾಕೇ ಎಂಬ ಪ್ರಶ್ನೆಗಳಿಗೆ ಪರಿಚಯ ಮಾಡುವವನು ಉತ್ತರ ಕೊಡುವಂತಿಲ್ಲ. ಅದಕ್ಕೆ ಗೆದ್ದ ಸಾಲುಗಳಿಗೆ ಎರಡನೇ ಪ್ರಶ್ನೆ: ಇದನ್ನು ಅತಿಥಿಯೇ ಹೇಳುತ್ತಾರೆಯೇ? ಅನುಮಾನವಿದ್ದರೆ ಹಿಂದಿನ ದಿನ ಅವರಿಗೆ ಫೋನ್ ಮಾಡಿ ಕೇಳಿದರೆ ಮುಗಿಯಿತು. ಹೆಸರಿನ ಉಚ್ಚಾರವನ್ನೂ ಆಗಲೇ ಕೇಳಿಕೊಳ್ಳಬಹುದು.

ಕತ್ತರಿಸಿದ ಮೇಲೆ ಉಳಿದ ಸಾಲುಗಳು ಕುಂಟುತ್ತವೆ. 7ರ ‘ಅದರಲ್ಲಿ’ ನಿಂತಿದ್ದದ್ದು 6ರ ಮೇಲೆ. 6 ಹೋದ ಮೇಲೆ ಆ ಪದ ಗಾಳಿಯಲ್ಲಿ ನೇತಾಡುತ್ತದೆ. ‘ಅಲ್ಲದೆ’, ‘ಹೀಗಾಗಿ’, ‘ಇಂತಹ’ ಎಂಬ ಪದಗಳು ಎಲ್ಲಿ ಉಳಿದಿವೆ ಎಂದು ಹುಡುಕಿ ತೆಗೆಯಬೇಕು. ಇನ್ನೊಂದು ಕೊರತೆಯೂ ಆಗ ಕಾಣುತ್ತದೆ: ಕೇಳುಗ ಸಭೆಯಿಂದ ಏನು ಹೊತ್ತು ಹೋಗುತ್ತಾನೆ ಎಂದು 14 ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಅದಕ್ಕೆ ಒಂದು, ತಡ ಮಾಡಿದರೆ ಆಗುವ ನಷ್ಟಕ್ಕೆ ಒಂದು, ಹೀಗೆ ಎರಡು ಹೊಸ ಸಾಲು ಬರೆಯಬೇಕಾಯಿತು. ಕೊನೆಗೆ ನಿಂತದ್ದು ಇದು:

‘ಬೋರರ್ ದುಂಬಿ ಮತ್ತೆ ಹಾರುವ ಕಾಲ ಇನ್ನು ಎರಡು ಮೂರು ವಾರದಲ್ಲಿ ಶುರುವಾಗುತ್ತದೆ. ಅಷ್ಟರೊಳಗೆ ಗುರುತಿಸದೆ ಬಿಟ್ಟ ಗಿಡದಿಂದ ಹೊರಬಿದ್ದ ದುಂಬಿ ಪಕ್ಕದ ಗಿಡಗಳ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಇವತ್ತು ಮಾತನಾಡುವವರು ಒಂಬತ್ತು ವರ್ಷ ನಮ್ಮಂಥ ಬೆಳೆಗಾರರ ತೋಟಗಳಲ್ಲೇ ಬೋರರ್ ಹೊಡೆದ ಗಿಡಗಳನ್ನು ಸೀಳಿ ನೋಡಿದವರು. ಯಾವ ಗಿಡ ಕೀಳಬೇಕು, ಯಾವುದನ್ನು ಬಿಡಬಹುದು ಎಂದು ಕಾಂಡ ನೋಡಿ ತಿಳಿಯುವುದನ್ನು ಹೇಳಿಕೊಡುತ್ತಾರೆ, ಅನುಮಾನದ ಗಿಡ ಇದ್ದವರು ಕೊನೆಯಲ್ಲಿ ಕೇಳಬಹುದು. ಡಾಕ್ಟರ್ ಇಂಥವರು, ದಯವಿಟ್ಟು ಬನ್ನಿ ಸರ್.’

ಹೆಸರು ಕೊನೆಗೆ ಬಂದದ್ದು ಬೇಕೆಂದೇ. ಹೆಸರು ಬಿದ್ದ ಕೂಡಲೇ ಚಪ್ಪಾಳೆ ಬರುತ್ತದೆ, ಅದು ಮುಗಿಯುವಷ್ಟರಲ್ಲಿ ಅವರು ಮೈಕ್ ಹತ್ತಿರ ಇರುತ್ತಾರೆ. ಪಿಎಚ್.ಡಿ. ‘ಡಾಕ್ಟರ್’ ಎಂಬ ಒಂದು ಪದದಲ್ಲಿ ಉಳಿದುಕೊಂಡಿತು.

ಒಂದು ತಕರಾರು ಬಂದೇ ಬರುತ್ತದೆ: ಪ್ರಶಸ್ತಿ, ಹುದ್ದೆ ಹೇಳದಿದ್ದರೆ ಅತಿಥಿಗೆ ಅವಮಾನ ಎಂದು ಸಂಘದ ಹಿರಿಯರು ಹೇಳುತ್ತಾರೆ. ಅವರ ಜತೆ ವಾದಕ್ಕೆ ಇಳಿಯುವುದಿಲ್ಲ. 4, 5, 6, 8 ಆಮಂತ್ರಣ ಪತ್ರಿಕೆಯ ಹಿಂಬದಿಗೆ ಹೋಗುತ್ತವೆ. ನಮಸ್ಕಾರ, ಸಂತಸ, ಸಮಯ ಕೊಟ್ಟದ್ದಕ್ಕೆ ಕೃತಜ್ಞತೆ ಸ್ವಾಗತ ಭಾಷಣ ಮತ್ತು ವಂದನಾರ್ಪಣೆಯವರ ಪಾಲು. ಅವರಿಗೆ ಮೊದಲೇ ತಿಳಿಸದಿದ್ದರೆ ಮಾತ್ರ ನೀವು ತೆಗೆದ ಹನ್ನೊಂದು ಸಾಲನ್ನೂ ಅವರು ನಿಮಗಿಂತ ಮುಂಚೆ ಹೇಳಿ ಮುಗಿಸಿರುತ್ತಾರೆ.