ಪಿಎಸಿಯಲ್ಲಿ ಒಂದು ಪ್ಯಾರಾ ಮುಕ್ತಾಯವಾದ ಬಗೆ: ನನ್ನ ಅನುಭವ

ಇಲಾಖೆಯಲ್ಲಿ ಆಡಿಟ್ ಕಡತಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಸಿಎಜಿ ವರದಿಯಲ್ಲಿ ನಮ್ಮ ಮೇಲೆ ಬಂದಿದ್ದ ಒಂದು ಪ್ಯಾರಾ, ಅಂದರೆ ಆಡಿಟ್ ಆಕ್ಷೇಪಣೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಎಂಬ ಪಿಎಸಿಯಲ್ಲಿ ಮುಗಿಯುವ ತನಕ ನಾನು ಅದರ ಬೆನ್ನು ಹತ್ತಿದ್ದೆ.

ವಿಷಯ ಸರಳ. ಕಟ್ಟಡವೊಂದರ ಗುತ್ತಿಗೆದಾರರಿಗೆ 40 ಲಕ್ಷ ಮುಂಗಡ ಕೊಟ್ಟಿದ್ದರು. ಬಿಲ್ಲುಗಳಲ್ಲಿ 12 ಲಕ್ಷ ಕಡಿತವಾಗಿತ್ತು. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಹೋದರು. ಮುಂಗಡಕ್ಕೆ ಕೊಟ್ಟಿದ್ದ ಬ್ಯಾಂಕ್ ಗ್ಯಾರಂಟಿಯ ಅವಧಿ ಆಗಲೇ ಮುಗಿದಿತ್ತು. ಯಾರೂ ನವೀಕರಿಸಿರಲಿಲ್ಲ. ಉಳಿದ 28 ಲಕ್ಷ ವಸೂಲಾಗಿಲ್ಲ ಎಂದು ಪ್ಯಾರಾ ಬಂತು.

ಕರ್ನಾಟಕದಲ್ಲಿ ವರದಿ ಸದನದಲ್ಲಿ ಮಂಡನೆಯಾದ 4 ತಿಂಗಳೊಳಗೆ ಪ್ಯಾರಾಗೆ ಉತ್ತರವಾಗಿ ಇಲಾಖಾ ಟಿಪ್ಪಣಿ ಕೊಡಬೇಕು. ಅದು ವಿಧಾನಮಂಡಲದ ಸಚಿವಾಲಯಕ್ಕೆ ಹೋಗುತ್ತದೆ, ಅದರ ಒಂದು ಪ್ರತಿ ಆಡಿಟ್ ಕಚೇರಿಗೆ. ವಿಭಾಗ ಕಚೇರಿಯಿಂದ ನನಗೆ ಬಂದ ಕರಡಿನಲ್ಲಿ ‘ವಸೂಲಿಗೆ ಕ್ರಮ ಕೈಗೊಳ್ಳಲಾಗುವುದು’ ಎಂದಿತ್ತು. ಈ ಒಂದು ಸಾಲಿನಿಂದಲೇ ಎಷ್ಟೋ ಪ್ಯಾರಾಗಳು ವರ್ಷಗಟ್ಟಲೆ ಬಾಕಿ ಉಳಿಯುತ್ತವೆ. ಮುಂದೆ ಏನು ಮಾಡುತ್ತೇವೆ ಎಂಬುದನ್ನು ಆಡಿಟ್‌ನವರು ಪರಿಶೀಲಿಸಲು ಆಗುವುದಿಲ್ಲ ಅಲ್ವಾ? ಅವರಿಗೆ ಬೇಕಾದದ್ದು ಆಗಿಹೋದ ಕೆಲಸದ ದಾಖಲೆ.

ಕರಡಿನಲ್ಲಿ ಇನ್ನೊಂದು ತೊಡಕಿತ್ತು. ಗುತ್ತಿಗೆದಾರರ 10 ಲಕ್ಷ ಭದ್ರತಾ ಠೇವಣಿಯನ್ನು ಮುಂಗಡಕ್ಕೆ ಹೊಂದಿಸಿ, ಬಾಕಿ 18 ಲಕ್ಷ ಎಂದು ತೋರಿಸಿದ್ದರು. ಆದರೆ ಅದೇ ಠೇವಣಿಯನ್ನು ಕೆಲಸ ಬಿಟ್ಟುಹೋದದ್ದಕ್ಕೆ ಮುಟ್ಟುಗೋಲು ಹಾಕಿದ ಆದೇಶ ಕಡತದಲ್ಲೇ ಇತ್ತು. ಒಂದೇ ದುಡ್ಡನ್ನು ಎರಡು ಕಡೆ ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ. ಅದನ್ನು ತೆಗೆಸಿ, ಬಾಕಿಯನ್ನು ಮತ್ತೆ 28 ಲಕ್ಷ ಮಾಡಿದೆ. ಮೇಲಿನವರಿಗೆ ಇದು ಹಿಡಿಸಲಿಲ್ಲ. ಆದರೆ ತಪ್ಪು ಅಂಕಿ ಕೊಟ್ಟು ಸಮಿತಿಯ ಮುಂದೆ ಸಿಕ್ಕಿಬಿದ್ದರೆ, ಆಮೇಲೆ ಹೇಳುವ ಸರಿ ಅಂಕಿಯನ್ನೂ ಯಾರೂ ನಂಬುವುದಿಲ್ಲ.

ಆಮೇಲೆ ವಸೂಲಿಗೆ ಕೈ ಹಾಕಿದೆವು. ಅದೇ ಗುತ್ತಿಗೆದಾರರ ಬಿಲ್ಲು ಬೇರೆ ವಿಭಾಗದಲ್ಲಿ ಬಾಕಿ ಇದೆಯಾ ಎಂದು ಎಲ್ಲ ವಿಭಾಗಗಳಿಗೂ ಬರೆದೆವು. ಒಂದು ಕಡೆ ಸಿಕ್ಕಿತು. ಕರಾರಿನಲ್ಲಿ ಅದಕ್ಕೆ ಅವಕಾಶ ಇದ್ದುದರಿಂದ 11 ಲಕ್ಷ ಕಡಿತ ಮಾಡಿದೆವು. ಉಳಿದ 17 ಲಕ್ಷಕ್ಕೆ, ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಕೊಡಿ ಎಂದು ಜಿಲ್ಲಾಧಿಕಾರಿಗೆ ಪ್ರಸ್ತಾವ ಕಳಿಸಿದೆವು. ಕಂತಿನಲ್ಲಿ ಹಣ ಬರತೊಡಗಿತು. ಪ್ರತಿ ಜಮೆಯನ್ನೂ ಖಜಾನೆಯ ಲೆಕ್ಕದೊಂದಿಗೆ ತಾಳೆ ನೋಡಿಸಿದೆ. ಸುಮ್ನೆ ಚಲನ್ ಪ್ರತಿ ಲಗತ್ತಿಸಿದರೆ ಸಾಲದು. ಯಾವ ಲೆಕ್ಕ ಶೀರ್ಷಿಕೆಗೆ, ಯಾವ ತಿಂಗಳು ಜಮೆಯಾಯಿತು ಎಂಬುದೂ ಬೇಕು. ಅದಿಲ್ಲದಿದ್ದರೆ ಉತ್ತರ ಷರಾದೊಂದಿಗೆ ವಾಪಸ್ ಬರುತ್ತದೆ.

ಸಮಿತಿ ಈ ಪ್ಯಾರಾವನ್ನು ಮೌಖಿಕ ಸಾಕ್ಷ್ಯಕ್ಕೆ ತೆಗೆದುಕೊಂಡಿತು. ಪ್ರಧಾನ ಕಾರ್ಯದರ್ಶಿಯವರು ಉತ್ತರಿಸಿದರು, ನಾವು ಹಿಂದೆ ಕಡತ ಹಿಡಿದು ಕೂತಿದ್ದೆವು. ಸಮಿತಿಗೆ ನೆರವಾಗಲು ಆಡಿಟ್ ಕಚೇರಿಯ ಮುಖ್ಯಸ್ಥರಾದ ಮಹಾಲೇಖಪಾಲರೂ ಇದ್ದರು. ವಸೂಲಿಯ ಬಗ್ಗೆ ಜಾಸ್ತಿ ಪ್ರಶ್ನೆ ಬರಲಿಲ್ಲ. ಸದಸ್ಯರು ಪಟ್ಟು ಹಿಡಿದದ್ದು ಎರಡು ವಿಷಯಕ್ಕೆ: ಗ್ಯಾರಂಟಿ ನವೀಕರಿಸದವರು ಯಾರು? ಬೇರೆ ವಿಭಾಗಗಳಲ್ಲೂ ಹೀಗೇ ಆಗಿದೆಯಾ? ಎರಡನೆಯದಕ್ಕೆ ನಾವು ಪಟ್ಟಿ ತಯಾರಿಸಿಕೊಂಡು ಹೋಗಿದ್ದೆವು. ಜಾರಿಯಲ್ಲಿರುವ ಎಲ್ಲ ಗ್ಯಾರಂಟಿಗಳು, ಅವು ಮುಗಿಯುವ ದಿನಾಂಕ, ಇಟ್ಟುಕೊಂಡಿರುವ ಕಚೇರಿ, ಎಲ್ಲ ಅದರಲ್ಲಿತ್ತು.

ಮೊದಲ ಪ್ರಶ್ನೆ ಕಷ್ಟದ್ದು. ಹೊಣೆಗಾರರಾಗಿ ಗುರುತಿಸಿದ ಇಬ್ಬರಲ್ಲಿ ಒಬ್ಬ ಅಧಿಕಾರಿ ನಿವೃತ್ತರಾಗಿದ್ದರು. ನಿವೃತ್ತರ ಮೇಲೆ, 4 ವರ್ಷಕ್ಕಿಂತ ಹಿಂದಿನ ಘಟನೆಗೆ ಹೊಸದಾಗಿ ಇಲಾಖಾ ವಿಚಾರಣೆ ಶುರು ಮಾಡಲು ಸೇವಾ ನಿಯಮ ಬಿಡುವುದಿಲ್ಲ. ಲೆಕ್ಕ ತಪಾಸಣೆ, ಕರಡು ಪ್ಯಾರಾ, ವರದಿ, ಮಂಡನೆ, ಸಮಿತಿಯ ಸಭೆ ಎನ್ನುವಷ್ಟರಲ್ಲಿ ಆ ಅವಧಿ ದಾಟಿಹೋಗಿರುತ್ತದೆ. ಅದಕ್ಕೇ ನಾನು ಹೇಳುವುದು, ಹೊಣೆ ನಿಗದಿ ಮಾಡುವ ಕೆಲಸ ಕರಡು ಪ್ಯಾರಾ ಕೈಗೆ ಬಂದ ದಿನವೇ ಶುರುವಾಗಬೇಕು. ಸಮಿತಿ ಕೇಳಲಿ ಎಂದು ಕಾಯಬಾರದು.

ಸಮಿತಿ ತನ್ನ ವರದಿಯಲ್ಲಿ ಮೂರು ಶಿಫಾರಸು ಮಾಡಿತು: ಉಳಿದ ಹಣದ ವಸೂಲಿ, ಹೊಣೆಗಾರರ ಮೇಲೆ ಕ್ರಮ, ಪ್ರತಿ ವಿಭಾಗದಲ್ಲೂ ಗ್ಯಾರಂಟಿ ವಹಿ. ಶಿಫಾರಸಿನ ಮೇಲೆ ಏನು ಮಾಡಿದೆವು ಎಂದು ತಿಳಿಸುವ ಅನುಪಾಲನಾ ವರದಿಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಉತ್ತರ, ಬೇರೆ ಬೇರೆ ದಾಖಲೆ ಕೊಟ್ಟೆವು. ಮೂರನ್ನೂ ಕಲಸಿ ಬರೆದರೆ, ಒಂದಕ್ಕೆ ಉತ್ತರ ಸಾಲದಾದಾಗ ಮೂರೂ ಬಾಕಿ ಉಳಿಯುತ್ತವೆ. ಕೊನೆಯ ಕಂತು ಜಮೆಯಾಗಿ ಆಡಿಟ್ ಅದನ್ನು ದೃಢಪಡಿಸಿದ ಮೇಲೆ ವಸೂಲಿಯ ಭಾಗ ಮುಗಿಯಿತು. ವಹಿಯ ಸುತ್ತೋಲೆಯನ್ನೂ ಸಮಿತಿ ಒಪ್ಪಿಕೊಂಡಿತು. ಸೇವೆಯಲ್ಲಿದ್ದವರಿಗೆ ದಂಡನೆ ವಿಧಿಸಿದ ಆದೇಶ ಕಳಿಸಿದೆವು. ನಿವೃತ್ತರ ವಿಷಯದಲ್ಲಿ ವಿಳಂಬಕ್ಕೆ ತನ್ನ ಅಸಮಾಧಾನವನ್ನು ದಾಖಲಿಸಿ, ಸಮಿತಿ ಪ್ಯಾರಾವನ್ನು ಮುಕ್ತಾಯಗೊಳಿಸಿತು.